ಹಬ್ಬದ ಮಾಲು, ಮಾರ್ಚಿನ ಲೆಕ್ಕ: ಸಣ್ಣ ಅಂಗಡಿಯ ಅಗ್ನಿ ವಿಮೆ

ಅಂಗಡಿಗೆ ಬೆಂಕಿ ವಿಮೆ ಮಾಡಿಸಿದವರು ನಮ್ಮ ಊರುಗಳಲ್ಲಿ ಈಗ ಕಡಿಮೆಯೇನಿಲ್ಲ. ಬ್ಯಾಂಕಿನಲ್ಲಿ ಸಾಲ ಪಡೆದವರಿಗಂತೂ ಅದು ಕಡ್ಡಾಯವಾಗಿಯೇ ಬಂದಿರುತ್ತದೆ. ಆದರೆ ಆ ಪಾಲಿಸಿಯ ಷೆಡ್ಯೂಲ್ ಎಂಬ ಹಾಳೆಯನ್ನು ತೆಗೆದು, ಅದರಲ್ಲಿ ‘ಸ್ಟಾಕ್’ ಎಂದು ಬರೆದಿರುವ ಸಾಲಿನ ಎದುರು ಎಷ್ಟು ಮೊತ್ತವಿದೆ, ಆ ಮೊತ್ತ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಹೇಳುವವರು ಸಿಗುವುದು ಕಷ್ಟ. ಬಹಳ ಕಡೆ ಆ ಅಂಕಿ ಬಂದಿರುವುದು ಆಡಿಟರು ತಯಾರಿಸಿದ ಅಢಾವೆ ಪತ್ರಿಕೆಯಿಂದ, ಅಂದರೆ ಮಾರ್ಚ್ 31ರ ರಾತ್ರಿ ಅಂಗಡಿಯಲ್ಲಿ ಉಳಿದಿದ್ದ ಮಾಲಿನ ಬೆಲೆಯಿಂದ. ಅದನ್ನೇ ಏಜೆಂಟರು ಅರ್ಜಿಗೆ ಇಳಿಸಿಕೊಳ್ಳುತ್ತಾರೆ, ಮುಂದಿನ ವರ್ಷ ಅದೇ ಅಂಕಿ ನವೀಕರಣವಾಗುತ್ತದೆ, ಅದರ ಮುಂದಿನ ವರ್ಷವೂ ಅದೇ. ಮಾರ್ಚ್ 31 ಆದಾಯ ತೆರಿಗೆಗೆ ಮುಖ್ಯವಾದ ದಿನ. ಬೆಂಕಿ ಆ ದಿನವನ್ನು ನೋಡಿಕೊಂಡು ಬರುವುದಿಲ್ಲ. ವಿಮಾ ಕಂಪನಿ ಪರಿಹಾರದ ಲೆಕ್ಕ ಹಾಕುವಾಗ ನೋಡುವುದು ಬೆಂಕಿ ಬಿದ್ದ ದಿನ ಅಂಗಡಿಯಲ್ಲಿ ಒಟ್ಟು ಎಷ್ಟು ಬೆಲೆಯ ಮಾಲಿತ್ತು ಎಂಬುದನ್ನು. ಸಣ್ಣ ಅಂಗಡಿಯವರು ವರ್ಷದಲ್ಲಿ ಅತಿ ಹೆಚ್ಚು ಮಾಲು ತುಂಬಿದ ದಿನದ ಕೊಂಡ ಬೆಲೆಗೇ ವಿಮೆ ಮಾಡಿಸಬೇಕು, ಸರಾಸರಿಗಲ್ಲ, ಮಾರ್ಚಿನ ಅಂಕಿಗಂತೂ ಅಲ್ಲವೇ ಅಲ್ಲ ಎಂಬುದು ನನ್ನ ವಾದ. ಈ ವಾದಕ್ಕೆ ಆಧಾರವೇನು, ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎಷ್ಟು ತೂಕವಿದೆ ಎಂಬುದನ್ನು ಇಂದು ನೋಡೋಣ.

ಜವಳಿ ಅಂಗಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಏಕೆಂದರೆ ಋತುವಿಗೆ ತಕ್ಕಂತೆ ಏರಿಳಿಯುವ ಮಾಲು ಅದರಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದಿಲ್ಲ. ತಾಲ್ಲೂಕು ಕೇಂದ್ರದ ಒಂದು ಬಟ್ಟೆ ಅಂಗಡಿ ಎನ್ನಿ. ಯುಗಾದಿಗೆ ಮೊದಲು ಒಂದಷ್ಟು ಮಾಲು ಬರುತ್ತದೆ, ಮದುವೆಗಳ ಕಾಲದಲ್ಲಿ ರೇಷ್ಮೆ ಸೀರೆ ಏರುತ್ತದೆ, ಜೂನ್ ಹೊತ್ತಿಗೆ ಶಾಲೆಯ ಸಮವಸ್ತ್ರ. ಆಷಾಢ ಬಂದರೆ ಕೊಳ್ಳುವವರಿಲ್ಲ. ರಿಯಾಯಿತಿ ಹಾಕಿ ಹಳೆಯ ಮಾಲನ್ನು ಹೊರಹಾಕಿದ ಮೇಲೆ ಕಪಾಟುಗಳು ಅರ್ಧ ಖಾಲಿ. ಶ್ರಾವಣದಿಂದ ಮತ್ತೆ ಏರಿಕೆ: ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ಕೊನೆಗೆ ದೀಪಾವಳಿ. ಇಂಥ ಅಂಗಡಿಯಲ್ಲಿ ಆಷಾಢದ ಕೊನೆಗೆ 20 ಲಕ್ಷ ರೂಪಾಯಿಯ ಮಾಲಿದ್ದರೆ ದೀಪಾವಳಿಗೆ ಹತ್ತು ದಿನ ಮುಂಚೆ 40 ಲಕ್ಷದ್ದು ಇರುವುದು ಆಶ್ಚರ್ಯವಲ್ಲ. ಮಾರ್ಚ್ ಕೊನೆಯ ದಾಸ್ತಾನು 22 ಲಕ್ಷ. ಅಂಗಡಿಯವರು ಸ್ವಲ್ಪ ಮುಂದಾಲೋಚನೆ ಮಾಡಿ, ‘ಇರಲಿ, ಎರಡು ಲಕ್ಷ ಹೆಚ್ಚೇ ಇರಲಿ’ ಎಂದು 24 ಲಕ್ಷಕ್ಕೆ ವಿಮೆ ಮಾಡಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಈ ಅಂಗಡಿಯೂ ಇದರ ಅಂಕಿಗಳೂ ಲೆಕ್ಕ ತಿಳಿಸುವುದಕ್ಕೆಂದೇ ಕಲ್ಪಿಸಿಕೊಂಡವು.

ದೀಪಾವಳಿಗೆ ಹತ್ತು ದಿನವಿರುವಾಗ ರಾತ್ರಿ ಅಂಗಡಿಯ ಹಿಂಭಾಗದಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿತು. ಅಗ್ನಿಶಾಮಕ ದಳ ಬೇಗ ಬಂದದ್ದರಿಂದ ಅಂಗಡಿಯೆಲ್ಲ ಹೋಗಲಿಲ್ಲ. ಸುಟ್ಟದ್ದು, ಹೊಗೆ ಹಿಡಿದದ್ದು, ನೀರಿನಲ್ಲಿ ನೆನೆದದ್ದು ಎಲ್ಲ ಸೇರಿ 10 ಲಕ್ಷ ರೂಪಾಯಿಯ ಮಾಲು ನಷ್ಟ. ಅಂಗಡಿಯವರ ಮನಸ್ಸಿನಲ್ಲಿರುವ ಲೆಕ್ಕ ಸರಳ: ವಿಮೆ ಇರುವುದು 24 ಲಕ್ಷಕ್ಕೆ, ಹೋಗಿರುವುದು 10 ಲಕ್ಷ, ಆದ್ದರಿಂದ 10 ಲಕ್ಷ ಪೂರ್ತಿ ಬರಬೇಕು. ವಿಮೆಯ ಲೆಕ್ಕ ಹೀಗೆ ನಡೆಯುವುದಿಲ್ಲ. ಆ ದಿನ ಅಂಗಡಿಯಲ್ಲಿದ್ದ ಮಾಲು 40 ಲಕ್ಷದ್ದು, ಪ್ರೀಮಿಯಂ ಕಟ್ಟಿರುವುದು 24 ಲಕ್ಷಕ್ಕೆ. ಅಂದರೆ ನೂರರಲ್ಲಿ ಅರವತ್ತು ಪಾಲಿನ ಹೊಣೆಯನ್ನು ಕಂಪನಿಗೆ ಒಪ್ಪಿಸಿ, ಉಳಿದ ನಲವತ್ತು ಪಾಲಿಗೆ ಅಂಗಡಿಯವರು ತಾವೇ ಹೊಣೆಯಾಗಿ ನಿಂತಂತಾಯಿತು. ನಷ್ಟ ಎಷ್ಟೇ ಆಗಲಿ, ಅದು ಇದೇ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. 10 ಲಕ್ಷದ ನಷ್ಟಕ್ಕೆ ಕಂಪನಿ ಕೊಡುವುದು 6 ಲಕ್ಷ, ಅದರಲ್ಲೂ ಪಾಲಿಸಿಯಲ್ಲಿ ಹೇಳಿದ ಕಡಿತದ ಮೊತ್ತ ಹೋಗುತ್ತದೆ. 4 ಲಕ್ಷ ಅಂಗಡಿಯವರ ತಲೆಯ ಮೇಲೆ. ವಿಮೆಯವರ ಮಾತಿನಲ್ಲಿ ಇದಕ್ಕೆ ಆವರೇಜ್ ಎನ್ನುತ್ತಾರೆ. ಅಗ್ನಿ ವಿಮೆಯ ಹಳೆಯ ಷರತ್ತುಗಳಲ್ಲಿ ಇದೊಂದು.

‘ಅಂಗಡಿ ಪೂರ್ತಿ ಸುಡುವುದು ಎಲ್ಲೋ ಒಂದು ಕಡೆ, ನಮಗೆ ಅರ್ಧ ಮೊತ್ತಕ್ಕೆ ವಿಮೆ ಸಾಕು’ ಎನ್ನುವವರಿಗೆ ಮೇಲಿನ ಲೆಕ್ಕವೇ ಉತ್ತರ. ಅರ್ಧ ಮೊತ್ತದ ವಿಮೆ ಸಣ್ಣ ಬೆಂಕಿಯಲ್ಲೂ ಅರ್ಧವನ್ನೇ ಕೊಡುತ್ತದೆ. ಒಂದೇ ಒಂದು ಕಪಾಟು ಸುಟ್ಟರೂ ಪ್ರಮಾಣ ಅದೇ. ಇನ್ನು ಈ ಷರತ್ತು ಪಾಲಿಸಿಯ ಒಂದೊಂದು ಸಾಲಿಗೂ ಬೇರೆ ಬೇರೆಯಾಗಿ ಅನ್ವಯವಾಗುವುದು ವಾಡಿಕೆ. ಪೀಠೋಪಕರಣಕ್ಕೆ 10 ಲಕ್ಷ, ಮಾಲಿಗೆ 24 ಲಕ್ಷ ಎಂದು ಬರೆಸಿ, ಪೀಠೋಪಕರಣದ ನಿಜವಾದ ಬೆಲೆ 5 ಲಕ್ಷವೇ ಆಗಿದ್ದರೆ, ಅಲ್ಲಿ ಮಿಕ್ಕ 5 ಲಕ್ಷವನ್ನು ತಂದು ಮಾಲಿನ ಕೊರತೆಗೆ ಸೇರಿಸಿಕೊಳ್ಳಲು ಬರುವುದಿಲ್ಲ. ಅಲ್ಲಿ ಕಟ್ಟಿದ ಪ್ರೀಮಿಯಂ ದಂಡ, ಇಲ್ಲಿ ಕೊರತೆ ಹಾಗೆಯೇ.

ಕೆಲವು ವರ್ಷಗಳ ಹಿಂದೆ ಈ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಬಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಸಣ್ಣ ವ್ಯವಹಾರಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಜಾರಿಗೆ ಬಂತು. ಒಂದು ಜಾಗದಲ್ಲಿರುವ ಕಟ್ಟಡ, ಸಾಮಾನು, ಮಾಲು ಎಲ್ಲ ಸೇರಿ 5 ಕೋಟಿ ರೂಪಾಯಿಗೆ ಮೀರದ ಅಂಗಡಿ, ಕಾರ್ಖಾನೆ, ಕಚೇರಿಗಳಿಗೆ ಇದು ಅನ್ವಯ. ನಾವು ಮಾತಾಡುತ್ತಿರುವ ಅಂಗಡಿ ಇದರೊಳಗೇ ಬರುತ್ತದೆ. ಇದರಲ್ಲಿ ನೂರಕ್ಕೆ 15ರವರೆಗಿನ ಕೊರತೆಗೆ ಮಾಫಿ ಇದೆ. 40 ಲಕ್ಷದ ಮಾಲಿಗೆ 36 ಲಕ್ಷದ ವಿಮೆ ಇದ್ದರೆ ಕೊರತೆ ನೂರಕ್ಕೆ ಹತ್ತು; ಅದನ್ನು ಹಿಡಿದು ಪರಿಹಾರ ಕಡಿಮೆ ಮಾಡುವುದಿಲ್ಲ. 34 ಲಕ್ಷದವರೆಗೂ ಈ ರಕ್ಷಣೆ ಸಿಗುತ್ತದೆ. ಆದರೆ ನಮ್ಮ ಅಂಗಡಿಯ ಕೊರತೆ ನೂರಕ್ಕೆ ನಲವತ್ತು. ಮಾಫಿಯ ಗೆರೆ ದಾಟಿದ ಮೇಲೆ ಪೂರ್ತಿ ಕೊರತೆಯ ಪ್ರಮಾಣದಲ್ಲೇ ಕಡಿತವಾಗಬಹುದು ಎಂದುಕೊಂಡು ನಡೆಯುವುದೇ ಕ್ಷೇಮ. ಈ 15ರ ಮಾಫಿ ಇರುವುದು ಬೆಲೆಯೇರಿಕೆಯಿಂದಲೋ ಅಂದಾಜಿನ ತಪ್ಪಿನಿಂದಲೋ ಆಗುವ ಸಣ್ಣ ಕೊರತೆಗೆ. ಹಬ್ಬಕ್ಕೆ ದುಪ್ಪಟ್ಟಾಗುವ ಮಾಲನ್ನು ಅದು ಮುಚ್ಚಲಾರದು. ‘ಹೊಸ ಪಾಲಿಸಿಯಲ್ಲಿ ಆವರೇಜ್ ತೆಗೆದುಹಾಕಿದ್ದಾರಂತೆ’ ಎಂದು ವ್ಯಾಪಾರಿಗಳ ನಡುವೆ ಓಡಾಡುವ ಮಾತು ಅರ್ಧ ಸತ್ಯ. ಅದನ್ನು ನಂಬಿ ಸುಮ್ಮನಿರಬಾರದು.

ಇನ್ನೊಂದು ಆಕ್ಷೇಪ ಹಣದ್ದು. ವರ್ಷಕ್ಕೆ ಎರಡು ತಿಂಗಳು ಇರುವ ಮಾಲಿಗೆ ಹನ್ನೆರಡು ತಿಂಗಳ ಪ್ರೀಮಿಯಂ ಏಕೆ ಕಟ್ಟಬೇಕು? ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಅಂಕಿಗಳನ್ನೇ ನೋಡಬೇಕು. ಪ್ರೀಮಿಯಂ ದರ ವ್ಯಾಪಾರದ ಬಗೆ, ಕಟ್ಟಡ, ಕಂಪನಿಗಳನ್ನು ನೋಡಿ ಬದಲಾಗುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಸಾವಿರ ರೂಪಾಯಿಗೆ ವರ್ಷಕ್ಕೆ ಒಂದು ರೂಪಾಯಿ ಎಂದು ಹಿಡಿಯೋಣ. 24 ಲಕ್ಷದಿಂದ 40 ಲಕ್ಷಕ್ಕೆ ಏರಿಸಿದರೆ ಹೆಚ್ಚುವರಿ 16 ಲಕ್ಷಕ್ಕೆ ಇಡೀ ವರ್ಷದ ಖರ್ಚು 1,600 ರೂಪಾಯಿ, ಅದರ ಮೇಲೆ ತೆರಿಗೆ. ದರ ಇದರ ಎರಡರಷ್ಟಿದ್ದರೂ 3,200. ಇದನ್ನು ಉಳಿಸಹೋಗಿ ಒಂದು ಮಧ್ಯಮ ಗಾತ್ರದ ಬೆಂಕಿಯಲ್ಲಿ ಕಳೆದುಕೊಳ್ಳುವುದು 4 ಲಕ್ಷ. ಆಷಾಢದಲ್ಲಿ ಮಾಲು ಕಡಿಮೆ ಇದ್ದಾಗ ಹೆಚ್ಚು ಮೊತ್ತದ ವಿಮೆ ಇದ್ದರೆ ಲಾಭವೇನೂ ಇಲ್ಲ ಎಂಬುದು ನಿಜ. ನಷ್ಟವಾದಷ್ಟೇ ಕೊಡುತ್ತಾರೆ, 40 ಲಕ್ಷ ಬರೆಸಿದ್ದೇವೆಂದು 20 ಲಕ್ಷದ ಮಾಲಿಗೆ 40 ಲಕ್ಷ ಬರುವುದಿಲ್ಲ. ಆ ತಿಂಗಳುಗಳ ಹೆಚ್ಚುವರಿ ಪ್ರೀಮಿಯಂ ಹಬ್ಬದ ಎರಡು ತಿಂಗಳ ರಕ್ಷಣೆಗೆ ಕೊಟ್ಟ ಬೆಲೆ. ಆ ಬೆಲೆ ಅಂಗಡಿಯ ಬೋರ್ಡಿಗೆ ಹಾಕುವ ಹಬ್ಬದ ದೀಪದ ಸರದ ಖರ್ಚಿಗಿಂತ ಹೆಚ್ಚೇನಲ್ಲ.

ಹಾಗಾದರೆ ಹಬ್ಬದ ಮುಂಚೆ ಮೊತ್ತ ಏರಿಸಿ, ಹಬ್ಬ ಕಳೆದ ಮೇಲೆ ಇಳಿಸಬಹುದಲ್ಲವೇ? ಏರಿಸಬಹುದು. ಪಾಲಿಸಿಯ ನಡುವೆ ಒಂದು ಅರ್ಜಿ ಕೊಟ್ಟು, ಉಳಿದ ದಿನಗಳಿಗೆ ತಕ್ಕ ಪ್ರೀಮಿಯಂ ಕಟ್ಟಿದರೆ ಕಂಪನಿ ಎಂಡಾರ್ಸ್‌ಮೆಂಟ್ ಎಂಬ ತಿದ್ದುಪಡಿ ಹಾಳೆ ಕೊಡುತ್ತದೆ. ಇಳಿಸುವಾಗ ಮಾತ್ರ ದಿನದ ಲೆಕ್ಕದಲ್ಲೇ ಹಣ ವಾಪಸು ಬರುತ್ತದೆಂದು ಎಣಿಸುವಂತಿಲ್ಲ. ಅಲ್ಪಾವಧಿಯ ದರದ ಕೋಷ್ಟಕದಂತೆ ಲೆಕ್ಕ ಹಾಕಿದರೆ ಕೈಗೆ ಬರುವುದು ತೀರ ಕಡಿಮೆ. ಇದಕ್ಕಿಂತ ಮುಖ್ಯವಾದದ್ದು ಕಾಲದ ಪ್ರಶ್ನೆ. 1938ರ ವಿಮಾ ಕಾಯಿದೆಯ 64 ವಿಬಿ ಕಲಮಿನಂತೆ ಪ್ರೀಮಿಯಂ ಕೈಸೇರುವ ಮುನ್ನ ಕಂಪನಿ ಯಾವ ಹೊಣೆಯನ್ನೂ ಹೊರುವಂತಿಲ್ಲ. ‘ಏಜೆಂಟರಿಗೆ ಫೋನ್ ಮಾಡಿ ಹೇಳಿದ್ದೆ, ಅವರೂ ಆಗಲಿ ಅಂದಿದ್ದರು’ ಎಂಬ ಮಾತಿಗೆ ಬೆಂಕಿಯ ಮರುದಿನ ಬೆಲೆಯಿಲ್ಲ. ಮಾಲು ಬರುವುದು ಯಾವಾಗ? ಸೂರತ್ತಿನಿಂದ, ಇಳಕಲ್ಲಿನಿಂದ, ಬೆಂಗಳೂರಿನ ಸಗಟು ಪೇಟೆಯಿಂದ ಲಾರಿಗಳ ಮೇಲೆ ಲಾರಿ ಬಂದು, ಬೇಲ್ ಬಿಚ್ಚಿ ಬೆಲೆಚೀಟಿ ಹಚ್ಚುವ ವಾರದಲ್ಲಿ ಅಂಗಡಿಯವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ವಿಮೆ ಏರಿಸುವುದು ನೆನಪಿನಿಂದ ಜಾರುವುದು ಆ ವಾರದಲ್ಲೇ. ಒಂದೂವರೆ ಸಾವಿರ ರೂಪಾಯಿ ಉಳಿಸುವುದಕ್ಕೆ ವರ್ಷದ ಅತಿ ಗಡಿಬಿಡಿಯ ವಾರದ ನೆನಪಿನ ಮೇಲೆ 40 ಲಕ್ಷದ ಮಾಲನ್ನು ನಿಲ್ಲಿಸುವುದು ಒಳ್ಳೆಯ ವ್ಯಾಪಾರವಲ್ಲ. ಅನಿರೀಕ್ಷಿತವಾಗಿ ದೊಡ್ಡ ಆರ್ಡರ್ ಬಂದಾಗ, ಹೊಸ ವಿಭಾಗ ತೆರೆದಾಗ ಈ ಎಂಡಾರ್ಸ್‌ಮೆಂಟ್ ದಾರಿಯನ್ನು ಅಗತ್ಯವಾಗಿ ಬಳಸಬೇಕು, ಅದೂ ಮಾಲು ಲಾರಿಯಿಂದ ಇಳಿಯುವ ಮೊದಲೇ. ಪ್ರತಿವರ್ಷ ತಪ್ಪದೆ ಬರುವ ಹಬ್ಬಕ್ಕೆ ಆ ದಾರಿ ಬೇಡ.

ವಿಷಯ ಸ್ವಲ್ಪ ತಿಳಿದವರು ಡಿಕ್ಲರೇಷನ್ ಪಾಲಿಸಿಯ ಹೆಸರೆತ್ತುತ್ತಾರೆ. ಅದರಲ್ಲಿ ಗರಿಷ್ಠ ಮೊತ್ತಕ್ಕೆ ಪ್ರೀಮಿಯಂ ಮೊದಲೇ ಕಟ್ಟಬೇಕು. ಪ್ರತಿ ತಿಂಗಳೂ ನಿಜವಾಗಿ ಎಷ್ಟು ಮಾಲಿತ್ತು ಎಂದು ಬರೆದು ತಿಳಿಸಬೇಕು. ವರ್ಷದ ಕೊನೆಗೆ ಆ ತಿಂಗಳುಗಳ ಸರಾಸರಿ ತೆಗೆದು ಹೆಚ್ಚಾದ ಪ್ರೀಮಿಯಂ ಹಿಂದಿರುಗಿಸುತ್ತಾರೆ. ಕೇಳುವುದಕ್ಕೆ ನಮ್ಮ ಸಮಸ್ಯೆಗೆಂದೇ ಮಾಡಿದ ಹಾಗಿದೆ. ಆದರೆ ಅದನ್ನು ರೂಪಿಸಿದ್ದು ದೊಡ್ಡ ದಾಸ್ತಾನಿನವರಿಗಾಗಿ. 2001ರ ಅಖಿಲ ಭಾರತ ಅಗ್ನಿ ವಿಮಾ ದರಪಟ್ಟಿಯಲ್ಲಿ ಇದಕ್ಕೆ ಕನಿಷ್ಠ ಒಂದು ಕೋಟಿ ರೂಪಾಯಿಯ ಮೊತ್ತ ಬೇಕೆಂದಿತ್ತು. ಒಂದು ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ ಕೊನೆಯೊಳಗೆ ಕೊಡದಿದ್ದರೆ ಆ ತಿಂಗಳು ಪೂರ್ತಿ ಮೊತ್ತದ ಮಾಲಿತ್ತೆಂದೇ ಭಾವಿಸಲಾಗುತ್ತಿತ್ತು. ಹಿಂದಿರುಗಿಸುವ ಹಣ ಕಟ್ಟಿದ ಪ್ರೀಮಿಯಂನ ಅರ್ಧಕ್ಕೆ ಮೀರುವಂತಿರಲಿಲ್ಲ. ಇಂದು ಯಾವುದೇ ಕಂಪನಿ ಸಣ್ಣ ಮೊತ್ತಕ್ಕೂ ಇದನ್ನು ಕೊಡುತ್ತೇನೆಂದರೂ ಲೆಕ್ಕ ಹಾಕಿ ನೋಡಿ: 40 ಲಕ್ಷಕ್ಕೆ ನಾವು ಹಿಡಿದ ದರದಲ್ಲಿ ಪ್ರೀಮಿಯಂ 4,000 ರೂಪಾಯಿ. ಅರ್ಧಕ್ಕೆ ಮೀರದ ವಾಪಸು ಎಂದರೆ ಹೆಚ್ಚೆಂದರೆ 2,000. ಅದಕ್ಕಾಗಿ ವರ್ಷಕ್ಕೆ ಹನ್ನೆರಡು ಸಲ ತಪ್ಪದೆ, ತಡವಿಲ್ಲದೆ, ಸರಿಯಾದ ಅಂಕಿ ಬರೆದು ಕಳಿಸಬೇಕು. ಕಡಿಮೆ ಬರೆದು ಕಳಿಸಿ, ಆಮೇಲೆ ಬೆಂಕಿ ಬಿದ್ದರೆ ಆ ಸುಳ್ಳು ಲೆಕ್ಕ ಕ್ಲೇಮಿಗೆ ಮುಳುವಾಗುತ್ತದೆ. ಗೋದಾಮಿನ ತುಂಬ ಅಡಿಕೆಯನ್ನೋ ಹತ್ತಿಯನ್ನೋ ಇಟ್ಟುಕೊಂಡು, ಲೆಕ್ಕಕ್ಕೆಂದೇ ಗುಮಾಸ್ತರನ್ನು ಇಟ್ಟಿರುವ ಸಗಟು ವ್ಯಾಪಾರಿಗೆ ಇದು ಸರಿ. ಗಲ್ಲಾದ ಮೇಲೆ ತಾನೇ ಕೂರುವ ಅಂಗಡಿಯವನಿಗೆ ಗರಿಷ್ಠ ಮೊತ್ತದ ಸಾದಾ ಪಾಲಿಸಿಯೇ ಸರಿ ಎಂಬುದು ನನ್ನ ತೀರ್ಮಾನ.

ಈಗ ನಿಜವಾದ ಕೆಲಸಕ್ಕೆ ಬರೋಣ. ಗರಿಷ್ಠ ಮೊತ್ತವನ್ನು ಕಂಡುಹಿಡಿಯುವುದು ಹೇಗೆ? ಕಪಾಟಿನ ಕಡೆ ಕಣ್ಣು ಹಾಯಿಸಿ ಅಂದಾಜು ಹೇಳುವುದರಿಂದ ಆಗುವುದಿಲ್ಲ. ಬೆಂಕಿ ಬಿದ್ದ ಮೇಲೆ ಸರ್ವೇಯರ್ ಯಾವ ದಾರಿಯಲ್ಲಿ ಲೆಕ್ಕ ಹಾಕುತ್ತಾರೋ ಅದೇ ದಾರಿಯಲ್ಲಿ ಮೊದಲೇ ಲೆಕ್ಕ ಹಾಕಿ ನೋಡಬೇಕು. ಅವರು ವರ್ಷದ ಆರಂಭದ ದಾಸ್ತಾನು ತೆಗೆದುಕೊಳ್ಳುತ್ತಾರೆ, ಅಲ್ಲಿಂದ ಬೆಂಕಿಯ ದಿನದವರೆಗಿನ ಖರೀದಿ ಕೂಡಿಸುತ್ತಾರೆ, ಮಾರಾಟವಾದ ಮಾಲಿನ ಕೊಂಡ ಬೆಲೆಯನ್ನು ಕಳೆಯುತ್ತಾರೆ. ನಮ್ಮ ಅಂಗಡಿಯಲ್ಲಿ ಏಪ್ರಿಲ್ 1ಕ್ಕೆ 22 ಲಕ್ಷ, ಅಲ್ಲಿಂದ ದೀಪಾವಳಿಯ ಹತ್ತಿರದವರೆಗೆ ಖರೀದಿ 58 ಲಕ್ಷ, ಮಾರಾಟ 50 ಲಕ್ಷ. ಹಿಂದಿನ ವರ್ಷಗಳ ಲಾಭ ನಷ್ಟ ಪಟ್ಟಿಯಂತೆ ನೂರು ರೂಪಾಯಿ ಮಾರಾಟದಲ್ಲಿ ಇಪ್ಪತ್ತು ರೂಪಾಯಿ ಒಟ್ಟು ಲಾಭ. ಆದ್ದರಿಂದ 50 ಲಕ್ಷದ ಮಾರಾಟದ ಹಿಂದೆ ಅಂಗಡಿಯಿಂದ ಹೊರಗೆ ಹೋದ ಮಾಲಿನ ಕೊಂಡ ಬೆಲೆ 40 ಲಕ್ಷ. 22ಕ್ಕೆ 58 ಕೂಡಿಸಿದರೆ 80, ಅದರಲ್ಲಿ 40 ಕಳೆದರೆ ಉಳಿದದ್ದು 40 ಲಕ್ಷ. ನಾವು ಇಷ್ಟು ಹೊತ್ತು ಹೇಳುತ್ತಿದ್ದ ಅಂಕಿ ಬಂದದ್ದು ಹೀಗೆ. ಲಾಭದ ಪ್ರಮಾಣ ಇಲ್ಲಿ ಬಹಳ ಮುಖ್ಯ. ಅದೇ ಅಂಗಡಿ ನೂರಕ್ಕೆ ಮೂವತ್ತು ಲಾಭ ತೋರಿಸಿದ್ದರೆ ಹೊರಗೆ ಹೋದ ಮಾಲು 35 ಲಕ್ಷದ್ದು, ಉಳಿದದ್ದು 45 ಲಕ್ಷದ್ದು ಎಂದಾಗುತ್ತಿತ್ತು. ಮಾಲು ಅಷ್ಟೇ, ಪುಸ್ತಕ ಹೇಳುವುದು ಬೇರೆ.

ಖರೀದಿ, ಮಾರಾಟದ ಅಂಕಿಗಳು ಈಗ ಬಹುತೇಕ ಎಲ್ಲರ ಬಳಿಯೂ ಇವೆ, ಜಿಎಸ್‌ಟಿ ರಿಟರ್ನ್‌ಗಳಲ್ಲಿ ದಾಖಲಾಗಿವೆ. ಎರಡು ವರ್ಷದ ರಿಟರ್ನ್ ಇಟ್ಟುಕೊಂಡು ಪ್ರತಿ ತಿಂಗಳ ಕೊನೆಯ ದಾಸ್ತಾನು ಬರೆಯುತ್ತಾ ಹೋದರೆ ಏರಿಳಿತ ಕಣ್ಣಿಗೆ ಕಾಣುತ್ತದೆ. ಆದರೆ ಇಲ್ಲೊಂದು ಮೋಸವಿದೆ. ತಿಂಗಳ ಕೊನೆಯ ಅಂಕಿಗಳಲ್ಲಿ ಶಿಖರ ಅಡಗಿ ಹೋಗಬಹುದು. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ, ಬಲಿಪಾಡ್ಯಮಿ 22ಕ್ಕೆ ಬಂತು. ಅಂಥ ವರ್ಷ ಸೆಪ್ಟೆಂಬರ್ 30ಕ್ಕೆ ಹಬ್ಬದ ಮಾಲು ಇನ್ನೂ ಅರ್ಧ ಬಂದಿರುತ್ತದೆ, ಅಕ್ಟೋಬರ್ 31ಕ್ಕೆ ಬಹುಪಾಲು ಮಾರಾಟವಾಗಿ ಹೋಗಿರುತ್ತದೆ. ಎರಡೂ ತಿಂಗಳ ಕೊನೆಯಲ್ಲಿ 30 ಲಕ್ಷ, 28 ಲಕ್ಷ ಎಂದು ತೋರಿಸುವ ಲೆಕ್ಕ, ನಡುವಿನ 40 ಲಕ್ಷವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಆದ್ದರಿಂದ ಹಬ್ಬದ ತಿಂಗಳನ್ನು ಮಾತ್ರ ವಾರವಾರವಾಗಿ ಒಡೆದು, ಕೊನೆಯ ದೊಡ್ಡ ಖರೀದಿಯ ಬಿಲ್ಲಿನ ದಿನಾಂಕಕ್ಕೆ ನಿಲ್ಲಿಸಿ ಲೆಕ್ಕ ಹಾಕಬೇಕು. ಬಂದ ಮೊತ್ತಕ್ಕೆ ಈ ವರ್ಷದ ಬೆಲೆಯೇರಿಕೆಗೆಂದು ಒಂದಿಷ್ಟು ಸೇರಿಸಬೇಕು.

ಇದಕ್ಕೆ ತೆರಿಗೆಯನ್ನೂ ಸೇರಿಸುವುದು ಬಹಳ ಜನ ಮರೆಯುವ ಸಂಗತಿ. ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ವ್ಯಾಪಾರಿ ಹೂಡುವಳಿ ತೆರಿಗೆಯಾಗಿ ವಾಪಸು ಪಡೆದಿರುತ್ತಾನೆ, ಆದ್ದರಿಂದ ಅದನ್ನು ಮಾಲಿನ ಬೆಲೆಗೆ ಸೇರಿಸುವುದಿಲ್ಲ. ಮಾರಾಟವಾಗುವವರೆಗೆ ಇದು ಸರಿ. ಆದರೆ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮು ನಾಶವಾದ, ಕಳವಾದ ಮಾಲಿನ ಮೇಲಿನ ತೆರಿಗೆಯನ್ನು ಹಾಗೆ ಪಡೆಯಲು ಬಿಡುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. 10 ಲಕ್ಷದ ಸೀರೆ ಸುಟ್ಟರೆ, ನೂರಕ್ಕೆ 5ರ ದರದಲ್ಲಿ 50,000 ರೂಪಾಯಿ ಸರ್ಕಾರಕ್ಕೆ ಮರುಪಾವತಿ. ತೆರಿಗೆ ನೂರಕ್ಕೆ 18 ಇರುವ ಮಾಲಾದರೆ ಅದೇ 1,80,000. ವಿಮಾ ಮೊತ್ತ ನಿಗದಿ ಮಾಡುವಾಗ ಈ ತೆರಿಗೆಯನ್ನು ಸೇರಿಸಿ, ಷೆಡ್ಯೂಲಿನಲ್ಲಿ ‘ಜಿಎಸ್‌ಟಿ ಸೇರಿ’ ಎಂದು ಬರೆಸಿಕೊಂಡಿದ್ದರೆ ಮುಂದೆ ವಾದಕ್ಕೆ ಎಡೆಯಿಲ್ಲ. ಮಾರುವ ಬೆಲೆಯನ್ನು ಮಾತ್ರ ಬರೆಸಬೇಡಿ. ಅಂಗಡಿಯ ಮಾಲಿಗೆ ಸಿಗುವುದು ಕೊಂಡ ಬೆಲೆ. ಬರಬೇಕಾಗಿದ್ದ ಲಾಭವನ್ನು ಈ ಪಾಲಿಸಿ ಕೊಡುವುದಿಲ್ಲ. ಹಾಗೆಯೇ ಮೂರು ವರ್ಷದಿಂದ ಮೇಲಿನ ಅಟ್ಟದಲ್ಲಿ ಕೂತಿರುವ, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದ ಸೀರೆಗಳನ್ನು ಪುಸ್ತಕದಲ್ಲಿ ಹಳೆಯ ಬೆಲೆಗೇ ತೋರಿಸುತ್ತಿದ್ದರೆ, ಸರ್ವೇಯರ್ ಅದರ ಬೆಲೆಯನ್ನು ಇಳಿಸಿಯೇ ಲೆಕ್ಕ ಹಾಕುತ್ತಾರೆ. ಅಂಥದ್ದನ್ನು ವರ್ಷಕ್ಕೊಮ್ಮೆ ಬೇರೆ ಪಟ್ಟಿ ಮಾಡುವುದು ಒಳ್ಳೆಯದು.

ಈ ಲೆಕ್ಕಗಳನ್ನು ಕೇಳಿದಾಗ ಕೆಲವರ ಮನಸ್ಸಿನಲ್ಲಿ ಏಳುವ ಅಳುಕು ಬೇರೆಯೇ. ಇಷ್ಟು ಮಾಲು ಇದೆಯೆಂದು ವಿಮಾ ಕಂಪನಿಗೆ ಬರೆದುಕೊಟ್ಟರೆ ತೆರಿಗೆಯವರು ಹಿಡಿದುಕೊಂಡರೆ? ಬಿಲ್ಲಿನ ಮೇಲೆ ಕೊಂಡ ಮಾಲಾದರೆ ಅದು ಆಗಲೇ ಅವರ ದಾಖಲೆಯಲ್ಲಿದೆ, ಹೊಸದಾಗಿ ಹೇಳಿದಂತಾಗುವುದಿಲ್ಲ. ಬಿಲ್ಲಿಲ್ಲದೆ ಕೊಂಡ ಮಾಲಾದರೆ ಅದಕ್ಕೆ ಪರಿಹಾರ ಸಿಗುವುದೂ ಇಲ್ಲ, ಏಕೆಂದರೆ ಸುಟ್ಟ ಬೂದಿಯಲ್ಲಿ ಅದು ಇತ್ತೆಂದು ತೋರಿಸುವ ಕಾಗದವಿಲ್ಲ. ಬಿಲ್ಲಿಲ್ಲದೆ ಮಾರಿದರೂ ತೊಂದರೆಯೇ. ಪುಸ್ತಕದ ಪ್ರಕಾರ ಮಾಲು ಇನ್ನೂ ಅಂಗಡಿಯಲ್ಲಿದೆ, ಕಪಾಟಿನಲ್ಲಿ ಇಲ್ಲ. ಸರ್ವೇಯರ್ ಉಳಿದ ಮಾಲನ್ನು ಎಣಿಸಿದಾಗ ಈ ಅಂತರ ಹೊರಬೀಳುತ್ತದೆ, ಆಗ ಪ್ರಾಮಾಣಿಕವಾದ ಉಳಿದ ಕ್ಲೇಮಿನ ಮೇಲೂ ಅನುಮಾನ ಬೀಳುತ್ತದೆ.

ಬ್ಯಾಂಕಿಗೆ ಕೊಡುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೂಡ ಇಂಥದ್ದೇ ಅಪಾಯದ ಜಾಗ. ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಎಷ್ಟು ಹಣ ತೆಗೆಯಬಹುದು ಎಂಬುದು ಮಾಲಿನ ಬೆಲೆಯ ಮೇಲೆ ನಿಂತಿರುವುದರಿಂದ ಅದನ್ನು ಉಬ್ಬಿಸಿ ಬರೆಯುವ ಆಸೆ ಹುಟ್ಟುತ್ತದೆ. ನಮ್ಮ ಅಂಗಡಿಯವರು 40 ಲಕ್ಷದ ಮಾಲನ್ನು ಬ್ಯಾಂಕಿಗೆ 50 ಲಕ್ಷ ಎಂದು ಬರೆದುಕೊಟ್ಟಿದ್ದರೆಂದು ಭಾವಿಸಿ. ಸರ್ವೇಯರ್ ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು. ಸ್ವಂತ ಸಹಿ ಹಾಕಿ 50 ಲಕ್ಷ ಎಂದವರು ಈಗ ಹತ್ತು ಲಕ್ಷ ಕಡಿಮೆ ಎಂದರೆ ನಂಬಿಸುವ ಭಾರ ಅವರ ಮೇಲೆಯೇ. 50 ಲಕ್ಷವನ್ನೇ ಹಿಡಿದರೆ 24 ಲಕ್ಷದ ವಿಮೆ ನೂರಕ್ಕೆ ನಲವತ್ತೆಂಟು ಪಾಲಾಗಿ, 10 ಲಕ್ಷದ ನಷ್ಟಕ್ಕೆ ಸಿಗುವುದು 4,80,000. ಬ್ಯಾಂಕ್, ಜಿಎಸ್‌ಟಿ, ವಿಮೆ ಮೂರಕ್ಕೂ ಒಂದೇ ಲೆಕ್ಕ ಕೊಡುವವರಿಗೆ ಮಾತ್ರ ಬೆಂಕಿಯ ಮರುದಿನ ಮಾತಾಡಲು ಧೈರ್ಯವಿರುತ್ತದೆ. ಬ್ಯಾಂಕೇ ವಿಮೆ ಮಾಡಿಸಿದೆ, ಅವರೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯನ್ನೂ ಬಿಡಬೇಕು. ಬ್ಯಾಂಕಿಗೆ ಬೇಕಾದದ್ದು ತಾನು ಕೊಟ್ಟ ಸಾಲದಷ್ಟು ರಕ್ಷಣೆ. 20 ಲಕ್ಷದ ಸಾಲಕ್ಕೆ ಅವರು 24 ಲಕ್ಷದ ವಿಮೆ ಮಾಡಿಸಿ ಸುಮ್ಮನಾದರೆ ಬ್ಯಾಂಕಿನ ಮಟ್ಟಿಗೆ ಅದು ಸರಿಯೆಂದೇ ತೋರುತ್ತದೆ.

ಹಬ್ಬದ ಕಾಲದಲ್ಲಿ ಮೊತ್ತದ ಜೊತೆಗೆ ಮಾಲಿನ ಜಾಗವೂ ಬದಲಾಗುತ್ತದೆ. ಅಂಗಡಿಯಲ್ಲಿ ಹಿಡಿಸದೆ ಹಿಂದಿನ ಬೀದಿಯಲ್ಲಿ ಎರಡು ತಿಂಗಳಿಗೆ ಒಂದು ಕೋಣೆ ಬಾಡಿಗೆಗೆ ಹಿಡಿಯುವುದು, ಮನೆಯ ಮಹಡಿಯಲ್ಲಿ ಬೇಲ್‌ಗಳನ್ನು ಇಡುವುದು ಎಲ್ಲ ಕಡೆ ಇರುವುದೇ. ಪಾಲಿಸಿ ಇರುವುದು ಅದರಲ್ಲಿ ಬರೆದ ವಿಳಾಸಕ್ಕೆ. ಆ ಕೋಣೆಯ ವಿಳಾಸ ಬರೆಸದಿದ್ದರೆ ಅಲ್ಲಿ ಸುಟ್ಟ ಮಾಲಿಗೆ ಪರಿಹಾರ ಕೇಳುವುದು ಕಷ್ಟ. ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಮಾಲನ್ನು ತಾತ್ಕಾಲಿಕವಾಗಿ ಬೇರೆಡೆಗೆ ಒಯ್ದಾಗ ಮಾಲಿನ ಮೊತ್ತದ ನೂರಕ್ಕೆ ಹತ್ತರವರೆಗೆ ರಕ್ಷಣೆ ಇದೆ ನಿಜ, ಆದರೆ ಗೋದಾಮಿಗೆ ಬದಲಿಯಾಗಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಎರಡೂ ವಿಳಾಸ ಬರೆಸಿ, ಮಾಲು ಅಲ್ಲಿಂದಿಲ್ಲಿಗೆ ಓಡಾಡುತ್ತಿರುತ್ತದೆ ಎಂದು ತಿಳಿಸಿ, ಎರಡಕ್ಕೂ ಒಂದೇ ಒಟ್ಟು ಮೊತ್ತದ ಫ್ಲೋಟರ್ ರಕ್ಷಣೆ ಕೇಳುವುದು ಸರಿಯಾದ ದಾರಿ. ಮಾಲಿನ ಬಗೆ ಬದಲಾದರೂ ಹಾಗೆಯೇ. ಬಟ್ಟೆ, ದಿನಸಿ ಅಂಗಡಿಯವರು ದೀಪಾವಳಿಗೆಂದು ಪಟಾಕಿ ತಂದು ಮೂಲೆಯಲ್ಲಿ ಪೇರಿಸಿದರೆ, ಅದಕ್ಕೆ ಪರವಾನಗಿ ಬೇಕೆಂಬುದು ಒಂದು ಕಡೆ. ಇನ್ನೊಂದು ಕಡೆ ಸ್ಫೋಟಕಗಳು ಸ್ಪಷ್ಟವಾಗಿ ಬರೆಸದಿದ್ದರೆ ಪಾಲಿಸಿಯ ಹೊರಗೇ ಉಳಿಯುತ್ತವೆ, ಮತ್ತು ಅಪಾಯ ಹೆಚ್ಚಾದದ್ದನ್ನು ತಿಳಿಸದೆ ಇದ್ದದ್ದು ಉಳಿದ ಮಾಲಿನ ವಿಮೆಗೂ ತೊಡಕಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬಿದ್ದ ಬೆಂಕಿ ಹಲವು ಜೀವಗಳನ್ನೇ ತೆಗೆದುಕೊಂಡಿತು. ಆ ಮಾಲನ್ನು ಸಾಮಾನ್ಯ ಅಂಗಡಿಯೊಳಗೆ ತರಲೇಬಾರದು. ಇಲ್ಲಿ ವಿಮೆಯ ಮಾತು ಆಮೇಲಿನದು.

ಕೊನೆಯದಾಗಿ ಕಾಗದಗಳ ಬಗ್ಗೆ. ಅಂಗಡಿಯೊಡನೆ ಲೆಕ್ಕದ ಪುಸ್ತಕ, ಕಂಪ್ಯೂಟರ್ ಎರಡೂ ಸುಟ್ಟುಹೋಗಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಖರೀದಿಯೂ ಬಿಲ್ ಮಾಡಿದ ಮಾರಾಟವೂ ಉಳಿದಿರುತ್ತವೆ. ಆದರೆ ಯಾವ ಸೀರೆ ಎಷ್ಟು ಬೆಲೆಯದು, ಯಾವುದು ಹಳೆಯದು ಎಂಬುದು ಅಲ್ಲಿ ಸಿಗುವುದಿಲ್ಲ. ಆದ್ದರಿಂದ ದಾಸ್ತಾನು ಪಟ್ಟಿಯ ಒಂದು ಪ್ರತಿ ಅಂಗಡಿಯ ಹೊರಗೆ, ಮನೆಯಲ್ಲೋ ಆಡಿಟರ ಬಳಿಯೋ ಇರಬೇಕು. ಹಬ್ಬದ ಮಾಲು ಬಂದಿಳಿದ ಮೇಲೆ ಕಪಾಟುಗಳ ಒಂದಷ್ಟು ಫೋಟೋ ತೆಗೆದು ಅದೇ ದಿನ ಮನೆಯವರಿಗೆ ಕಳಿಸಿಟ್ಟರೆ ಅದಕ್ಕೆ ದಿನಾಂಕದ ಸಾಕ್ಷಿಯೂ ಆಯಿತು. ಈ ವಾರ ಬಿಡುವು ಮಾಡಿಕೊಂಡು ನಿಮ್ಮ ಪಾಲಿಸಿಯ ಷೆಡ್ಯೂಲ್ ತೆಗೆಯಿರಿ, ಸ್ಟಾಕ್ ಎಂಬ ಸಾಲನ್ನು ನೋಡಿ, ಕಳೆದ ದೀಪಾವಳಿಗೆ ಹತ್ತು ದಿನ ಮುಂಚಿನ ನಿಮ್ಮ ಮಾಲಿನ ಲೆಕ್ಕವನ್ನು ಅದರ ಪಕ್ಕದಲ್ಲಿ ಬರೆಯಿರಿ. ಆ ಲೆಕ್ಕ ದೊಡ್ಡದಾಗಿದ್ದರೆ ನವೀಕರಣದ ದಿನಕ್ಕೆ ಕಾಯದೆ ನಾಳೆಯೇ ಕಂಪನಿಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಪ್ರೀಮಿಯಂ ಕಟ್ಟಿ, ರಸೀದಿಯನ್ನು ಕೈಯಲ್ಲಿ ಪಡೆದುಕೊಂಡು ಬನ್ನಿ.